ಮೂರು ಗಂಟೆಯಲ್ಲಿ ಕೇಸ್ ಬಿಡಿಸಿ ತೀರ್ಪುಗಾರರ ಮುಂದೆ ನಿಲ್ಲುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಂಪನಿಯ ಸಮಸ್ಯೆಯನ್ನು ಕಥೆ ಮತ್ತು ಅಂಕಿಗಳಲ್ಲಿ ಬರೆದ ಕೇಸ್ ಕೊಟ್ಟು, ಪರಿಹಾರ ಕೇಳುವ ಕೇಸ್ ಸ್ಪರ್ಧೆಗಳಲ್ಲಿ ಹಲವು ಬಗೆ ಇವೆ. ಕೆಲವಕ್ಕೆ ವಾರಗಟ್ಟಲೆ ಸಮಯ ಸಿಗುತ್ತದೆ, ಕೆಲವಕ್ಕೆ ಒಂದೆರಡು ದಿನ. ಈ ಪುಟ ಗಂಟೆಗಳ ಲೆಕ್ಕದಲ್ಲಿ ನಡೆಯುವ ಸ್ಪರ್ಧೆಗೆ ಸೀಮಿತ: ನಾಲ್ವರ ತಂಡ, ಮುಚ್ಚಿದ ಕೋಣೆ, ಕೈಯಲ್ಲಿ 15–20 ಪುಟದ ಕೇಸ್, ಸುಮಾರು 3 ಗಂಟೆ, ಆಮೇಲೆ ನೇರವಾಗಿ ತೀರ್ಪುಗಾರರ ಮುಂದೆ. ಮಾಂಟ್ರಿಯಲ್‌ನ ಕಾನ್‌ಕಾರ್ಡಿಯಾ ವಿಶ್ವವಿದ್ಯಾಲಯದಲ್ಲಿ 1981ರಿಂದ ನಡೆದು ಬಂದಿರುವ ಜಾನ್ ಮಾಲ್ಸನ್ ಎಂಬಿಎ ಸ್ಪರ್ಧೆ ಈ ಬಗೆಗೆ ಹೆಸರಾದದ್ದು. ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜುಗಳ ಫೆಸ್ಟ್‌ಗಳಲ್ಲಿ ಸ್ಥಳದಲ್ಲೇ ಕೇಸ್ ಕೊಡುವ ಸುತ್ತುಗಳೂ ಇದೇ ಜಾಡಿನವು.

ವಿವರಿಸಲು ಅನುಕೂಲವಾಗಲೆಂದು ಅಭ್ಯಾಸಕ್ಕೆ ಹೆಣೆದ ಒಂದೇ ಕೇಸನ್ನು ಪುಟದುದ್ದಕ್ಕೂ ಬಳಸಿದ್ದೇವೆ. ಹಾಸನದ ಒಂದು ಕುಟುಂಬದ ಕಾಫಿಪುಡಿ ಕಂಪನಿ. ವರ್ಷದ ಮಾರಾಟ 40 ಕೋಟಿ ರೂಪಾಯಿ. ಅದರಲ್ಲಿ 28 ಕೋಟಿ ಸ್ವಂತದ 60 ಅಂಗಡಿಗಳಿಂದ, 8 ಕೋಟಿ ಹೋಟೆಲ್‌ಗಳಿಂದ, 4 ಕೋಟಿ ಆನ್‌ಲೈನ್‌ನಿಂದ. ಎರಡು ವರ್ಷದಲ್ಲಿ ಲಾಭ 4 ಕೋಟಿಯಿಂದ 2.4 ಕೋಟಿಗೆ ಇಳಿದಿದೆ. ಕೈಯಲ್ಲಿ 6 ಕೋಟಿ ನಗದು ಇದೆ. ಮಾಲೀಕರ ಪ್ರಶ್ನೆ: "ಬೆಂಗಳೂರಿನಲ್ಲಿ 20 ಕೆಫೆ ತೆರೆಯಲೋ ಬೇಡವೋ?"

ಮೂರು ಗಂಟೆಯನ್ನು ಹೇಗೆ ಹಂಚಿಕೊಳ್ಳಬೇಕು?

ಒಂದೇ ಒಂದು ಗಡುವನ್ನು ಬಿಗಿಯಾಗಿ ಹಿಡಿದುಕೊಳ್ಳಿ: 75ನೇ ನಿಮಿಷಕ್ಕೆ ಶಿಫಾರಸು ನಿರ್ಧಾರವಾಗಿರಬೇಕು. ಉಳಿದ ಸಮಯವೆಲ್ಲ ಈ ಗಡುವಿನ ಆಚೀಚೆ ತಾನಾಗಿ ಹೊಂದಿಕೊಳ್ಳುತ್ತದೆ. ಮೊದಲ 20 ನಿಮಿಷ ಓದು, ಮುಂದಿನ 15 ನಿಮಿಷದಲ್ಲಿ ನಿಜವಾದ ಪ್ರಶ್ನೆ ಯಾವುದೆಂದು ಒಪ್ಪಂದ, ಆಮೇಲೆ 40 ನಿಮಿಷ ಲೆಕ್ಕ ಮತ್ತು ವಾದ. ಅಲ್ಲಿಗೆ 75. ನಂತರ ಸುಮಾರು 55 ನಿಮಿಷ ಸ್ಲೈಡ್, 10 ನಿಮಿಷ ಅಂಕಿಗಳ ತಾಳೆ, 35 ನಿಮಿಷದಲ್ಲಿ ಎರಡು ಬಾರಿ ಪೂರ್ತಿ ತಾಲೀಮು. ಕೊನೆಯ 5 ನಿಮಿಷ ಫೈಲ್ ಒಪ್ಪಿಸಲು.

ಸೋಲುವ ತಂಡಗಳು ಸಾಮಾನ್ಯವಾಗಿ ಎಡವುವುದು ಈ ಗಡುವಿನಲ್ಲೇ. ನೂರನೇ ನಿಮಿಷದಲ್ಲೂ "ಕೆಫೆಯೋ, ಹೋಟೆಲೋ" ಎಂಬ ಚರ್ಚೆ ನಡೆಯುತ್ತಿರುತ್ತದೆ. ಅಷ್ಟರಲ್ಲಿ ಸ್ಲೈಡ್ ಮಾಡುವವರು ಸುಮ್ಮನೆ ಕೂರಲಾಗದೆ ಕಂಪನಿಯ ಪರಿಚಯ, ಮಾರುಕಟ್ಟೆಯ ಸ್ಥಿತಿ ಎಂದು ಐದಾರು ಪುಟ ತುಂಬಿಸಿರುತ್ತಾರೆ. ತೀರ್ಮಾನ ಬಂದಾಗ ಅದಕ್ಕೆ ಉಳಿದಿರುವುದು ಎರಡೇ ಪುಟ. ತೀರ್ಪುಗಾರರಿಗೆ ಕಾಣುವುದು ದೊಡ್ಡ ತಲೆ, ಪುಟ್ಟ ದೇಹದ ಪ್ರಸೆಂಟೇಶನ್.

ಮೊದಲ 20 ನಿಮಿಷ ಎಲ್ಲರೂ ಒಟ್ಟಿಗೆ ಓದಬೇಕೇ, ಭಾಗ ಮಾಡಿಕೊಳ್ಳಬೇಕೇ?

ನಾಲ್ವರೂ ಪೂರ್ತಿ ಕೇಸ್ ಓದಬೇಕು, ಮಾತಿಲ್ಲದೆ. ಭಾಗ ಮಾಡಿಕೊಂಡರೆ ಹತ್ತು ನಿಮಿಷ ಉಳಿಯುವುದು ನಿಜ. ಆದರೆ ಪ್ರಶ್ನೋತ್ತರದ ಹೊತ್ತಿಗೆ ಒಬ್ಬೊಬ್ಬರಿಗೆ ಒಂದೊಂದು ಕಾಲು ಭಾಗ ಮಾತ್ರ ಗೊತ್ತಿರುತ್ತದೆ, ತೀರ್ಪುಗಾರರು ಯಾವ ಪುಟದ ಬಗ್ಗೆ ಕೇಳುತ್ತಾರೋ ಗೊತ್ತಿರುವುದಿಲ್ಲ.

ಓದುವ ಕ್ರಮವನ್ನು ಮಾತ್ರ ಬದಲಿಸಿಕೊಳ್ಳಿ. ಮೊದಲ ಪುಟ ಮತ್ತು ಕೊನೆಯ ಪುಟವನ್ನು ಮೊದಲು ಓದಿ, ಏಕೆಂದರೆ ಯಾರು, ಯಾವಾಗ, ಏನನ್ನು ನಿರ್ಧರಿಸಬೇಕು ಎಂಬುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆಮೇಲೆ ಹಿಂಬದಿಯ ಕೋಷ್ಟಕಗಳು. ಕಥೆಯ ಭಾಗ ಕೊನೆಗೆ. ಕೋಷ್ಟಕ ನೋಡಿ ಕಥೆಗೆ ಬಂದರೆ, ಕಥೆಯಲ್ಲಿ ಯಾರೋ ಆಡಿದ ಮಾತು ಅಂಕಿಯೊಂದಿಗೆ ತಾಳೆಯಾಗದಿದ್ದಾಗ ಕಣ್ಣಿಗೆ ಹೊಡೆಯುತ್ತದೆ. ಕಾಫಿ ಕೇಸ್‌ನಲ್ಲಿ ಮಾಲೀಕರು "ಬೀಜದ ಬೆಲೆ ಏರಿದ್ದಕ್ಕೇ ಲಾಭ ಇಳಿಯಿತು" ಎನ್ನುತ್ತಾರೆ. ಕೋಷ್ಟಕ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ, ಅದೇ ಎರಡು ವರ್ಷದಲ್ಲಿ 22 ಹೊಸ ಅಂಗಡಿಗಳೂ ತೆರೆದಿವೆ ಎಂದು.

ಓದುತ್ತಲೇ ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಲಿ: ನಿರ್ಧಾರ ಯಾರದ್ದು, ಕೈಯಲ್ಲಿರುವ ಹಣವೆಷ್ಟು, ನನಗೆ ಅನುಮಾನ ಬಂದ ಅಂಕಿ ಯಾವುದು. ಓದು ಮುಗಿದ ಕೂಡಲೇ ನಾಲ್ಕೂ ಹಾಳೆ ಮೇಜಿನ ಮೇಲೆ. ಮೊದಲು ಬಾಯಿ ತೆರೆದವರ ಅಭಿಪ್ರಾಯದ ಕಡೆಗೆ ಉಳಿದವರು ವಾಲುವುದನ್ನು ಇದು ತಪ್ಪಿಸುತ್ತದೆ.

ಕೇಸ್‌ನಲ್ಲೇ ಪ್ರಶ್ನೆ ಇರುತ್ತದಲ್ಲ, ಸಮಸ್ಯೆಯನ್ನು ಮತ್ತೆ ಯಾಕೆ ಹುಡುಕಬೇಕು?

ಮಾಲೀಕರು ಕೇಳಿದ್ದು ಕೆಫೆ ಬಗ್ಗೆ. ಆದರೆ ಅವರನ್ನು ನೋಯಿಸುತ್ತಿರುವುದು ಕಳೆದುಹೋದ 1.6 ಕೋಟಿ ಲಾಭ. ಕೆಫೆ ಎಂಬುದು ಆ ನೋವಿಗೆ ಅವರೇ ಹುಡುಕಿಕೊಂಡ ಔಷಧಿ. "ಕೆಫೆ ತೆರೆಯಬೇಕೇ" ಎಂದು ಮಾತ್ರ ಉತ್ತರಿಸಿದ ತಂಡ ಹೌದು ಅಥವಾ ಇಲ್ಲ ಎಂದು ಹೇಳಿ ನಿಲ್ಲುತ್ತದೆ. "1.6 ಕೋಟಿ ಎಲ್ಲಿ ಹೋಯಿತು, ಅದನ್ನು ಮರಳಿ ತರಲು 6 ಕೋಟಿಯಲ್ಲಿ ಎಷ್ಟನ್ನು ಎಲ್ಲಿ ಹಾಕಬೇಕು" ಎಂದು ಕೇಳಿಕೊಂಡ ತಂಡಕ್ಕೆ ಇಡೀ ಪ್ರಸೆಂಟೇಶನ್‌ನ ದಾರಿ ಸಿಕ್ಕಿತು.

ಹಾಗೆಂದು ಕೇಳಿದ ಪ್ರಶ್ನೆಯನ್ನು ಕೈಬಿಡುವಂತಿಲ್ಲ. ಕೆಫೆ ಬೇಡವೆಂದರೆ ಬೇಡವೆಂದು ಮೊದಲ ನಿಮಿಷದಲ್ಲೇ, ಕಾರಣ ಸಮೇತ ಹೇಳಬೇಕು. ಪ್ರಶ್ನೆಯನ್ನು ಬದಲಿಸಿಕೊಂಡು ಮೂಲ ಪ್ರಶ್ನೆಗೆ ಉತ್ತರ ಕೊಡದೆ ಹೋಗುವುದು ತೀರ್ಪುಗಾರರಿಗೆ ಜಾರಿಕೊಂಡಂತೆ ಕಾಣುತ್ತದೆ.

ಸ್ವಾಟ್, ಪೋರ್ಟರ್‌ನ ಐದು ಶಕ್ತಿಗಳು ಇವೆಲ್ಲ ಹಾಕಬೇಕೇ?

ಕಂಪನಿಯ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳನ್ನು ಪಟ್ಟಿಮಾಡುವ ಸ್ವಾಟ್, ಉದ್ಯಮದ ಪೈಪೋಟಿಯನ್ನು ಅಳೆಯುವ ಪೋರ್ಟರ್‌ನ ಚೌಕಟ್ಟು ಇವನ್ನು ಕೋಣೆಯೊಳಗೆ ಯೋಚಿಸಲು ಬಳಸಿ, ಸ್ಲೈಡ್‌ಗೆ ತರಬೇಡಿ. ನಾಲ್ಕು ಚೌಕದ ಸ್ವಾಟ್ ಪುಟದಲ್ಲಿ ಇರುವುದೆಲ್ಲ ತೀರ್ಪುಗಾರರು ಈಗಾಗಲೇ ಓದಿರುವ ಕೇಸ್‌ನದ್ದೇ ಮಾತು. ಆ ಪುಟವನ್ನು ತೆಗೆದರೂ ನಿಮ್ಮ ಶಿಫಾರಸು ಹಾಗೇ ನಿಲ್ಲುತ್ತದೆ ಎಂದಾದರೆ ಅದು ಬೇಕಿರಲಿಲ್ಲ.

ಇಷ್ಟು ಕಡಿಮೆ ಸಮಯದಲ್ಲಿ ಲೆಕ್ಕ ಎಷ್ಟು ಆಳಕ್ಕೆ ಹೋಗಬೇಕು?

ನಿರ್ಧಾರವನ್ನು ತಿರುಗಿಸಬಲ್ಲ ಲೆಕ್ಕ ಮಾತ್ರ ಸಾಕು. ಐದು ವರ್ಷದ ನಗದು ಹರಿವು, ಮುಂದೆ ಬರುವ ಹಣದ ಇಂದಿನ ಮೌಲ್ಯದಲ್ಲಿ ಹೂಡಿಕೆ ಕಳೆದು ನೋಡುವ ಎನ್‌ಪಿವಿ ಎಂದು ದೊಡ್ಡ ಹಾಳೆ ಹರಡಿದರೆ ಅದರಲ್ಲಿ ಹತ್ತು ಊಹೆ ಸೇರಿಕೊಳ್ಳುತ್ತವೆ, ಒಂದನ್ನೂ ಸಮರ್ಥಿಸಲು ಸಮಯ ಇರುವುದಿಲ್ಲ. ಬದಲಿಗೆ ಒಂದು ಘಟಕವನ್ನು ಹಿಡಿಯಿರಿ: ಒಂದು ಕೆಫೆ, ಒಂದು ಅಂಗಡಿ, ಒಂದು ಹೋಟೆಲ್.

ಕೆಫೆಯನ್ನೇ ನೋಡಿ. ಕೇಸ್ ಪ್ರಕಾರ ಒಂದು ಕೆಫೆಗೆ ಹೂಡಿಕೆ 30 ಲಕ್ಷ, ವರ್ಷದ ಮಾರಾಟ 60 ಲಕ್ಷ, ಸರಕಿನ ಖರ್ಚು ಕಳೆದು ಉಳಿಯುವುದು 60 ಶೇಕಡ ಅಂದರೆ 36 ಲಕ್ಷ. ಬಾಡಿಗೆ, ಸಂಬಳ, ಕರೆಂಟ್ ಎಲ್ಲ ಸೇರಿ 31 ಲಕ್ಷ. ಉಳಿತಾಯ 5 ಲಕ್ಷ. 30 ಲಕ್ಷ ಮರಳಿ ಬರಲು 6 ವರ್ಷ. ಇಷ್ಟಕ್ಕೆ ನಿಲ್ಲಿಸಿದರೆ "6 ವರ್ಷ ಪರವಾಗಿಲ್ಲ" ಎನ್ನುವವರೂ ಇರುತ್ತಾರೆ. ಇನ್ನೊಂದು ಹೆಜ್ಜೆ ಹೋಗಿ: ಮಾರಾಟ 10 ಶೇಕಡ ಕಡಿಮೆಯಾದರೆ? 54 ಲಕ್ಷದ 60 ಶೇಕಡ 32.4 ಲಕ್ಷ, ಖರ್ಚು ಅದೇ 31. ಉಳಿಯುವುದು 1.4 ಲಕ್ಷ. ಹಣ ಮರಳಲು 21 ವರ್ಷಕ್ಕೂ ಹೆಚ್ಚು. ಲಾಭವೂ ಇಲ್ಲ ನಷ್ಟವೂ ಇಲ್ಲ ಎಂಬ ಬಿಂದು 31 ಭಾಗಿಸು 0.6, ಅಂದರೆ ಸುಮಾರು 51.7 ಲಕ್ಷ. ಅಂದಾಜಿಗಿಂತ 14 ಶೇಕಡ ಕೆಳಗೆ ಹೋದರೆ ಕೆಫೆ ನಷ್ಟಕ್ಕೆ ಬೀಳುತ್ತದೆ. ಕೆಫೆ ನಡೆಸಿ ಗೊತ್ತಿಲ್ಲದ ಕಂಪನಿಗೆ, ಮೊದಲ ವರ್ಷದ ಅಂದಾಜು 14 ಶೇಕಡ ತಪ್ಪುವುದು ಏನೂ ದೊಡ್ಡದಲ್ಲ. ಕೆಫೆ ಬೇಡ ಎನ್ನಲು ಈ ಒಂದು ವಾಕ್ಯ ಸಾಕು, ಅದನ್ನು ಯಾವ ತೀರ್ಪುಗಾರರೂ ಸುಲಭವಾಗಿ ಅಲುಗಾಡಿಸಲಾರರು.

ಎಕ್ಸೆಲ್ ಹಾಳೆಯಲ್ಲಿ ಊಹೆಗಳನ್ನು ಪ್ರತ್ಯೇಕ ಚೌಕಗಳಲ್ಲಿ ಇಡಿ, ಸೂತ್ರದೊಳಗೆ ಅಂಕಿ ತುರುಕಬೇಡಿ. B1ರಲ್ಲಿ ಮಾರಾಟ, B2ರಲ್ಲಿ ಸರಕಿನ ಖರ್ಚು ಕಳೆದು ಉಳಿಯುವ ಶೇಕಡಾವಾರು ಪಾಲಾದ ಮಾರ್ಜಿನ್, B3ರಲ್ಲಿ ಸ್ಥಿರ ಖರ್ಚು, B4ರಲ್ಲಿ ಹೂಡಿಕೆ ಇದ್ದರೆ:

```
=B1*B2-B3
=B4/(B1*B2-B3)
=B3/B2
```

ಮೊದಲನೆಯದು ವರ್ಷದ ಉಳಿತಾಯ, ಎರಡನೆಯದು ಹಣ ಮರಳುವ ಕಾಲ, ಮೂರನೆಯದು ಸಮತೋಲನ ಬಿಂದು. ಮಾರಾಟ ಬದಲಾದರೆ ಏನಾಗುತ್ತದೆ ಎಂದು ನೋಡಲು B1 ಒಂದನ್ನೇ ತಿದ್ದಿದರೆ ಆಯಿತು.

ಲೆಕ್ಕದಲ್ಲಿ ಅತಿ ಹೆಚ್ಚು ತಪ್ಪುವುದು ಎಲ್ಲಿ?

ಲಕ್ಷ–ಕೋಟಿ ಅದಲುಬದಲಾಗುವುದು ಸಾಮಾನ್ಯ, ಆದರೆ ಅದು ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದ ತಪ್ಪು ಹಂಚಿಕೆಯ ಖರ್ಚಿನದ್ದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಕೇಸ್ ಬರೆಯುವವರು ಬೇಕೆಂದೇ ಇಲ್ಲಿ ಬಲೆ ಹಾಕುತ್ತಾರೆ.

ಕಾಫಿ ಕಂಪನಿಯ ಅಂಗಡಿಗಳಲ್ಲಿ ಮಾರ್ಜಿನ್ 30 ಶೇಕಡ. ಒಂದು ಅಂಗಡಿಯ ಬಾಡಿಗೆ, ಸಂಬಳ ಸೇರಿ ವರ್ಷಕ್ಕೆ 9 ಲಕ್ಷ. ಹಾಗಾದರೆ 30 ಲಕ್ಷಕ್ಕಿಂತ ಕಡಿಮೆ ಮಾರುವ ಅಂಗಡಿ ನಷ್ಟದಲ್ಲಿದೆ. 22 ಹೊಸ ಅಂಗಡಿಗಳು ಸರಾಸರಿ 20 ಲಕ್ಷ ಮಾರುತ್ತವೆ: 6 ಲಕ್ಷ ಬಂತು, 9 ಲಕ್ಷ ಹೋಯಿತು, ತಲಾ 3 ಲಕ್ಷ ನಷ್ಟ. 22ಕ್ಕೆ 66 ಲಕ್ಷ. ಕಳೆದುಹೋದ 1.6 ಕೋಟಿಯಲ್ಲಿ 66 ಲಕ್ಷ ಇಲ್ಲಿದೆ, ಉಳಿದ 94 ಲಕ್ಷ ಬೀಜದ ಬೆಲೆಗೆ ಸೇರಿದ್ದು.

ಆದರೆ ಕೇಸ್‌ನ ಕೋಷ್ಟಕ ಹೀಗೆ ತೋರಿಸುವುದಿಲ್ಲ. ಅದರಲ್ಲಿ ಹಾಸನದ ಮುಖ್ಯ ಕಚೇರಿಯ 2 ಕೋಟಿ ಖರ್ಚನ್ನು 60 ಅಂಗಡಿಗಳ ಮೇಲೆ ಸಮನಾಗಿ ಹಾಕಿರುತ್ತಾರೆ, ತಲಾ 3.33 ಲಕ್ಷ. ಈಗ ಅಂಗಡಿಯ ಖರ್ಚು 12.33 ಲಕ್ಷವಾಯಿತು, ಸಮತೋಲನ ಬಿಂದು ಸುಮಾರು 41 ಲಕ್ಷಕ್ಕೆ ಏರಿತು. 35 ಲಕ್ಷ ಮಾರುವ ಇನ್ನೂ 7 ಅಂಗಡಿಗಳು ಕೆಂಪಕ್ಷರದಲ್ಲಿ ಕಾಣುತ್ತವೆ. ಅವಸರದಲ್ಲಿರುವ ತಂಡ "29 ಅಂಗಡಿ ಮುಚ್ಚಿ" ಎನ್ನುತ್ತದೆ. ಆದರೆ ಅಂಗಡಿ ಮುಚ್ಚಿದರೆ ಕಚೇರಿಯ ಬಾಡಿಗೆ ಕಡಿಮೆಯಾಗುವುದಿಲ್ಲ, ಲೆಕ್ಕಿಗರ ಸಂಬಳವೂ ನಿಲ್ಲುವುದಿಲ್ಲ. ಆ 7 ಅಂಗಡಿಗಳು ತಲಾ 10.5 ಲಕ್ಷ ತಂದು 9 ಲಕ್ಷ ಖರ್ಚು ಮಾಡುತ್ತಿದ್ದವು. ಮುಚ್ಚಿದರೆ ತಲಾ 1.5 ಲಕ್ಷದಂತೆ ಏಳೂ ಸೇರಿ ವರ್ಷಕ್ಕೆ 10.5 ಲಕ್ಷ ಕೈಬಿಡುತ್ತದೆ.

ಪತ್ತೆ ಹಚ್ಚುವ ವಿಧಾನ ಸರಳ. ಕೋಷ್ಟಕದ ಪ್ರತಿ ಖರ್ಚಿನ ಸಾಲಿಗೂ ಒಂದು ಪ್ರಶ್ನೆ: ನಾಳೆ ಇದನ್ನು ಮುಚ್ಚಿದರೆ ಈ ಖರ್ಚು ನಿಲ್ಲುತ್ತದೆಯೇ? ಎಲ್ಲ ಶಾಖೆಗಳಿಗೂ ಒಂದೇ ಮೊತ್ತ ಬರೆದಿದ್ದರೆ ಅಥವಾ ಮಾರಾಟದ ಒಂದೇ ಶೇಕಡಾವಾರು ಹಾಕಿದ್ದರೆ, ಅದು ಹಂಚಿದ ಖರ್ಚು ಎಂದು ಅನುಮಾನಿಸಿ.

ಕೇಸ್‌ನಲ್ಲಿ ಬೇಕಾದ ಅಂಕಿಯೇ ಇಲ್ಲದಿದ್ದರೆ?

ಊಹಿಸಿ, ಊಹೆ ಎಂದು ಹೇಳಿ, ಎಲ್ಲಿಂದ ಬಂತೆಂದು ತೋರಿಸಿ. 22 ಅಂಗಡಿ ಮುಚ್ಚಿದರೆ ಗಿರಾಕಿಗಳಲ್ಲಿ ಎಷ್ಟು ಜನ ಕಂಪನಿಯ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂಬುದು ಕೇಸ್‌ನಲ್ಲಿ ಇಲ್ಲ. ಕಾಲು ಭಾಗ ಎಂದುಕೊಂಡರೆ 4.4 ಕೋಟಿಯಲ್ಲಿ 1.1 ಕೋಟಿ ಮಾರಾಟ ಉಳಿಯುತ್ತದೆ, ಅದರ ಮಾರ್ಜಿನ್ 33 ಲಕ್ಷ. ಹೀಗೆ ಹೇಳುವಾಗಲೇ "ಒಬ್ಬರೂ ಬರದಿದ್ದರೂ 66 ಲಕ್ಷ ಉಳಿತಾಯ ಖಚಿತ, ಈ 33 ಲಕ್ಷ ಅದರ ಮೇಲಿನದ್ದು" ಎಂದು ಸೇರಿಸಿ. ಊಹೆ ತಪ್ಪಾದರೂ ಶಿಫಾರಸು ಬೀಳುವುದಿಲ್ಲ ಎಂದು ತೋರಿಸಿದರೆ, ಊಹೆಯ ಬಗ್ಗೆ ಜಗಳ ಬರುವುದಿಲ್ಲ.

ಪರ್ಯಾಯಗಳನ್ನು ಅಂಕ ಕೊಟ್ಟು ಹೋಲಿಸುವ ಕೋಷ್ಟಕ ಒಳ್ಳೆಯದೇ?

ಮಾನದಂಡಗಳಿಗೆ ತೂಕ ಕೊಟ್ಟು, ಪ್ರತಿ ಪರ್ಯಾಯಕ್ಕೆ ಐದರಲ್ಲಿ ಇಷ್ಟು ಅಂಕ ಎಂದು ಗುಣಿಸಿ ಕೂಡಿಸುವ ಕೋಷ್ಟಕ ಬಹಳ ಚಾಲ್ತಿಯಲ್ಲಿದೆ. ತೊಂದರೆಯೆಂದರೆ "ಬ್ರ್ಯಾಂಡ್‌ಗೆ 20 ಶೇಕಡ ತೂಕ ಯಾಕೆ, 30 ಯಾಕಲ್ಲ?" ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಗೆಲ್ಲಬೇಕಾದ ಪರ್ಯಾಯ ಗೆಲ್ಲುವಂತೆ ಅಂಕ ಜೋಡಿಸಿದ್ದೀರೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಅದರ ಬದಲು ಮಾಲೀಕರಿಗೆ ಮುಖ್ಯವಾದ ಎರಡು ಮೂರು ಅಳತೆಗಳನ್ನು ಅಂಕಿಯಲ್ಲೇ ಇಡಿ.

| | 20 ಕೆಫೆ | 22 ಅಂಗಡಿ ಮುಚ್ಚಿ 300 ಹೋಟೆಲ್ ಸೇರಿಸುವುದು |
|---|---|---|
| ಬೇಕಾದ ಹಣ | 6 ಕೋಟಿ | 2 ಕೋಟಿ |
| ವರ್ಷದ ಹೆಚ್ಚುವರಿ ಲಾಭ | 1 ಕೋಟಿ | 1.75 ಕೋಟಿ |
| ಅಂದಾಜು ತಪ್ಪಿದರೆ ಉಳಿಯುವ ಹೆಚ್ಚುವರಿ ಲಾಭ | 28 ಲಕ್ಷ | 97 ಲಕ್ಷ |

ಬಲಬದಿಯ ಅಂಕಿಗಳು ಎಲ್ಲಿಂದ ಬಂದವು ಎಂದರೆ: ಒಂದು ಹೋಟೆಲ್ ತಿಂಗಳಿಗೆ 40 ಕಿಲೋ ಪುಡಿಯನ್ನು ಕಿಲೋಗೆ 500 ರೂಪಾಯಿಯಂತೆ ಕೊಳ್ಳುತ್ತದೆ, ವರ್ಷಕ್ಕೆ 2.4 ಲಕ್ಷ. ಸಾಗಣೆ ಇತ್ಯಾದಿ ಕಳೆದು ಕಂಪನಿಗೆ ಉಳಿಯುವುದು 12.5 ಶೇಕಡ, ಅಂದರೆ ಹೋಟೆಲ್‌ಗೆ 30,000. 300 ಹೋಟೆಲ್‌ಗೆ 90 ಲಕ್ಷ. ಹೋಟೆಲ್ ಹಿಡಿಯಲು ನಾಲ್ವರು ಸೇಲ್ಸ್‌ನವರು, ಅವರಿಗೆ ವರ್ಷಕ್ಕೆ 14 ಲಕ್ಷ. ಉಳಿದದ್ದು 76 ಲಕ್ಷ. ಅದಕ್ಕೆ ಅಂಗಡಿಗಳ 66 ಮತ್ತು 33 ಸೇರಿದರೆ 1.75 ಕೋಟಿ. ಕೆಟ್ಟ ಸಂದರ್ಭದಲ್ಲಿ 150 ಹೋಟೆಲ್ ಮಾತ್ರ ಸಿಕ್ಕಿ, ಮುಚ್ಚಿದ ಅಂಗಡಿಯ ಗಿರಾಕಿ ಒಬ್ಬರೂ ಉಳಿಯದಿದ್ದರೆ 31 ಮತ್ತು 66, ಒಟ್ಟು 97 ಲಕ್ಷ. ಕೆಫೆಯ ಕೆಟ್ಟ ಸಂದರ್ಭಕ್ಕೆ ಮೇಲಿನ 10 ಶೇಕಡ ಇಳಿಕೆಯನ್ನೇ ತೆಗೆದುಕೊಂಡಿದ್ದೇವೆ: 20 ಗುಣಿಸು 1.4 ಲಕ್ಷ. ನಮ್ಮ ಪರ್ಯಾಯಕ್ಕೆ ಹೆಚ್ಚು ಕಠಿಣ ಪರೀಕ್ಷೆ ಒಡ್ಡಿ ಗೆದ್ದಿರುವುದನ್ನು ಗಮನಿಸಿ. ವೇದಿಕೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

"ಮೂರನ್ನೂ ಸ್ವಲ್ಪ ಸ್ವಲ್ಪ ಮಾಡೋಣ" ಎಂದರೆ ತಪ್ಪೇ?

ಹೌದು, ಬಹುತೇಕ ಯಾವಾಗಲೂ. ಪ್ರಾಯೋಗಿಕವಾಗಿ ಎರಡು ಕೆಫೆ, ಜೊತೆಗೆ ಆನ್‌ಲೈನ್, ಜೊತೆಗೆ ಹೋಟೆಲ್ ಎಂಬ ಶಿಫಾರಸು ಕೋಣೆಯೊಳಗಿನ ಜಗಳ ಬಗೆಹರಿದಿಲ್ಲ ಎಂಬುದರ ಗುರುತು. 60 ಅಂಗಡಿಯ ಕುಟುಂಬದ ಕಂಪನಿಗೆ ಮೂರು ಹೊಸ ಕೆಲಸವನ್ನು ಒಟ್ಟಿಗೆ ನೋಡಿಕೊಳ್ಳುವ ಜನ ಇರುವುದಿಲ್ಲ. ಹಣ ಉಳಿಯುತ್ತದಲ್ಲ ಎಂದು ಕೇಳಿದರೆ, 6 ಕೋಟಿಯಲ್ಲಿ 2 ಕೋಟಿ ಬಳಸಿ 4 ಕೋಟಿ ಕೈಯಲ್ಲೇ ಇರಲಿ ಎನ್ನುವುದೂ ಒಂದು ಸ್ಪಷ್ಟ ಶಿಫಾರಸೇ. ಬೀಜದ ಬೆಲೆ ಮತ್ತೆ ಏರಿದರೆ ಅದು ಬೇಕಾಗುತ್ತದೆ.

ತಂಡದಲ್ಲಿ ಒಮ್ಮತ ಬರದಿದ್ದರೆ ಏನು ಮಾಡುವುದು?

"ಯಾವ ಅಂಕಿ ಬದಲಾದರೆ ನೀನು ನನ್ನ ಕಡೆ ಬರುತ್ತೀಯ?" ಎಂದು ಪರಸ್ಪರ ಕೇಳಿಕೊಳ್ಳಿ. ಕೆಫೆ ಪರ ಇರುವವರು "ಮಾರಾಟ 60 ಲಕ್ಷ ದಾಟುವುದು ಖಚಿತ ಎಂದರೆ" ಎನ್ನಬಹುದು. ಆಗ ಜಗಳ ಅಭಿಪ್ರಾಯದಿಂದ ಒಂದು ಅಂಕಿಗೆ ಇಳಿಯುತ್ತದೆ, ಕೇಸ್‌ನಲ್ಲಿ ಅದಕ್ಕೆ ಆಧಾರ ಇದೆಯೋ ಇಲ್ಲವೋ ಎಂದು ಎರಡು ನಿಮಿಷದಲ್ಲಿ ನೋಡಬಹುದು. ಆದರೂ ಬಗೆಹರಿಯದೆ 75ನೇ ನಿಮಿಷ ಬಂದರೆ ಮೊದಲೇ ಗೊತ್ತುಮಾಡಿದ ಒಬ್ಬರ ಮಾತು ಕೊನೆ. ಸೋತ ವಾದವನ್ನು ವ್ಯರ್ಥ ಮಾಡಬೇಡಿ. ವಿರೋಧಿಸಿದವರೇ ಪ್ರಶ್ನೋತ್ತರದ ಸಿದ್ಧತೆ ಮಾಡಲಿ. ತೀರ್ಪುಗಾರರು ಎತ್ತುವ ಆಕ್ಷೇಪಗಳು ಅವರಿಗೇ ಚೆನ್ನಾಗಿ ಗೊತ್ತು.

ಎಷ್ಟು ಸ್ಲೈಡ್ ಇರಬೇಕು? ಯಾವ ಕ್ರಮದಲ್ಲಿ?

20–25 ನಿಮಿಷದ ಮಾತಿಗೆ ಹತ್ತರಿಂದ ಹನ್ನೆರಡು, ಹತ್ತು ನಿಮಿಷ ಮಾತ್ರ ಇದ್ದರೆ ಆರು. ಕಂಪ್ಯೂಟರ್ ಮುಟ್ಟುವ ಮೊದಲು ಎ4 ಹಾಳೆಯನ್ನು ಮಡಚಿ ಎಂಟು ಚೌಕ ಮಾಡಿ, ಪ್ರತಿ ಚೌಕದಲ್ಲಿ ಆ ಸ್ಲೈಡ್‌ನ ಶೀರ್ಷಿಕೆಯನ್ನು ಪೂರ್ತಿ ವಾಕ್ಯವಾಗಿ ಬರೆಯಿರಿ. ಹಾಳೆ ಸಾಲದಿದ್ದರೆ ಹಿಂಬದಿಗೆ ಹೋಗಿ. ಚೌಕಗಳನ್ನು ಮಾತ್ರ ಒಬ್ಬರು ಗಟ್ಟಿಯಾಗಿ ಓದಲಿ. ಕಥೆ ಅರ್ಥವಾಗದಿದ್ದರೆ ಚಿತ್ರ, ಬಣ್ಣ ಯಾವುದೂ ಅದನ್ನು ಸರಿಮಾಡುವುದಿಲ್ಲ.

ಒಂದು ಸ್ಲೈಡನ್ನು ಹತ್ತಿರದಿಂದ ನೋಡೋಣ. "ಅಂಗಡಿಗಳ ವಿಶ್ಲೇಷಣೆ" ಎಂಬ ಶೀರ್ಷಿಕೆ ಏನನ್ನೂ ಹೇಳುವುದಿಲ್ಲ, ನೋಡುವವರು ತಾವೇ ಅರ್ಥ ಹುಡುಕಬೇಕು. "22 ಹೊಸ ಅಂಗಡಿಗಳು ವರ್ಷಕ್ಕೆ 66 ಲಕ್ಷ ಕಳೆಯುತ್ತಿವೆ" ಎಂದರೆ ಕೆಲಸ ಮುಗಿಯಿತು. ಅದರ ಕೆಳಗೆ ಒಂದೇ ಚಿತ್ರ: 60 ಅಂಗಡಿಗಳ ಮಾರಾಟ ದೊಡ್ಡದರಿಂದ ಚಿಕ್ಕದಕ್ಕೆ ಕಂಬಗಳಾಗಿ, 30 ಲಕ್ಷದ ಮೇಲೆ ಅಡ್ಡಗೆರೆ. ಗೆರೆಯ ಕೆಳಗಿನ 22 ಕಂಬಗಳಿಗೆ ಬೇರೆ ಬಣ್ಣ, ಉಳಿದವೆಲ್ಲ ಬೂದು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಲೆಕ್ಕ: 20 ಲಕ್ಷ × 30 ಶೇಕಡ − 9 ಲಕ್ಷ = −3 ಲಕ್ಷ. ಇನ್ನೇನೂ ಬೇಡ.

ಕ್ರಮದ ವಿಷಯಕ್ಕೆ ಬಂದರೆ ಉತ್ತರ ಮೊದಲು. ಮೊದಲ ಸ್ಲೈಡ್‌ನಲ್ಲೇ "ಕೆಫೆ ತೆರೆಯಬೇಡಿ. 22 ಅಂಗಡಿ ಮುಚ್ಚಿ, 300 ಹೋಟೆಲ್ ಸೇರಿಸಿ, ಎರಡು ವರ್ಷದಲ್ಲಿ ಲಾಭವನ್ನು 2.4ರಿಂದ 4.15 ಕೋಟಿಗೆ ತನ್ನಿ" ಎಂದು ಇರಲಿ. ಆಮೇಲೆ ಲಾಭ ಎಲ್ಲಿ ಸೋರಿತು, ಕೆಫೆ ಯಾಕೆ ಬೇಡ, ಹೋಟೆಲ್ ಯಾಕೆ, ಹೇಗೆ ಮಾಡುವುದು, ಹಣ, ಅಪಾಯ. ಕೊನೆಗೆ ಇಟ್ಟು ಕುತೂಹಲ ಕಾಯಿಸುವುದು ಕಥೆಗೆ ಚೆನ್ನ. ಇಲ್ಲಿ ಸಮಯ ಮೀರಿ ಗಂಟೆ ಹೊಡೆದರೆ ಶಿಫಾರಸೇ ಹೇಳದೆ ಇಳಿಯಬೇಕಾಗುತ್ತದೆ.

ಅನುಷ್ಠಾನದ ಭಾಗದಲ್ಲಿ ಏನಿರಬೇಕು?

ಬಾಣಗಳ ಗುರುತಿನಲ್ಲಿ "ಹಂತ 1, ಹಂತ 2" ಎಂದು ಬರೆದರೆ ಸಾಲದು. ಯಾರು, ಯಾವ ತಿಂಗಳು, ಎಷ್ಟು ಹಣ. ಬಾಡಿಗೆ ಕರಾರು ಮುಗಿಯುವ ಅಂಗಡಿಗಳಿಂದ ಆರಂಭಿಸಿ 9 ತಿಂಗಳಲ್ಲಿ 22 ಮುಚ್ಚುವುದು, ಅದಕ್ಕೆ ಒಂದು ಬಾರಿಯ ಖರ್ಚು 50 ಲಕ್ಷ. ಅಲ್ಲಿನ ಕೆಲಸಗಾರರು ಏನಾಗುತ್ತಾರೆ ಎಂಬುದಕ್ಕೂ ಒಂದು ಸಾಲು ಬೇಕೇ ಬೇಕು. ತೀರ್ಪುಗಾರರಲ್ಲಿ ಕಂಪನಿ ನಡೆಸಿದವರು ಇದ್ದರೆ ಮೊದಲು ಕೇಳುವುದೇ ಅದನ್ನು. ಹೋಟೆಲ್ ವ್ಯವಹಾರಕ್ಕೆ 1.5 ಕೋಟಿ: ಹುರಿಯುವ, ಪುಡಿ ಮಾಡುವ ಯಂತ್ರಕ್ಕೆ 60 ಲಕ್ಷ, ಉದ್ರಿಗೆ ಸುಮಾರು 90 ಲಕ್ಷ.

ಉದ್ರಿಯನ್ನು ಹೆಚ್ಚಿನ ತಂಡಗಳು ಮರೆಯುತ್ತವೆ. ಹೋಟೆಲ್‌ಗಳು 45 ದಿನಕ್ಕೆ ಹಣ ಕೊಡುತ್ತವೆ ಎಂದರೆ 7.2 ಕೋಟಿಯ ಹೊಸ ವ್ಯಾಪಾರದಲ್ಲಿ ಯಾವ ಹೊತ್ತಿಗೂ 7.2 × 45 ÷ 365, ಅಂದರೆ ಸುಮಾರು 89 ಲಕ್ಷ ಹೊರಗೆ ನಿಂತಿರುತ್ತದೆ. ಲಾಭದ ಪಟ್ಟಿಯಲ್ಲಿ ಇದು ಕಾಣುವುದೇ ಇಲ್ಲ.

ಅಪಾಯದ ಸ್ಲೈಡ್‌ಗೂ ಇದೇ ನಿಯಮ: ಎರಡೇ ಅಪಾಯ, ಪ್ರತಿಯೊಂದಕ್ಕೂ ಎಚ್ಚರಿಕೆಯ ಅಂಕಿ. "ಉದ್ರಿ 60 ದಿನ ದಾಟಿದ ಹೋಟೆಲ್‌ಗೆ ಸರಬರಾಜು ನಿಲ್ಲಿಸುವುದು. 12 ತಿಂಗಳಲ್ಲಿ 100 ಹೋಟೆಲ್ ಆಗದಿದ್ದರೆ ಮುಂದಿನ ಯಂತ್ರ ಕೊಳ್ಳದಿರುವುದು."

ಯಾರು ಯಾವ ಭಾಗ ಮಾತಾಡಬೇಕು?

ಆ ಭಾಗ ಮಾಡಿದವರೇ ಮಾತಾಡಲಿ. ನಾಲ್ವರೂ ಮಾತಾಡಬೇಕು ಎಂಬ ನಿಯಮ ಇದ್ದರೆ ಮಾತ್ರ ನಾಲ್ಕು ಭಾಗ ಮಾಡಿ, ಇಲ್ಲದಿದ್ದರೆ ಬದಲಾವಣೆ ಕಡಿಮೆ ಇದ್ದಷ್ಟೂ ಸುಗಮ. ತಾಲೀಮಿನಲ್ಲಿ ಸ್ಲೈಡ್ ತಿದ್ದಬೇಡಿ. ಒಬ್ಬರು ಫೋನ್‌ನಲ್ಲಿ ಪ್ರತಿ ಭಾಗದ ಸಮಯ ಬರೆಯಲಿ. ಮೊದಲ ತಾಲೀಮು ಹೆಚ್ಚಾಗಿ ಮೂರು ನಾಲ್ಕು ನಿಮಿಷ ಉದ್ದ ಬರುತ್ತದೆ. ಆಗ ಬೇಗ ಬೇಗ ಮಾತಾಡುವುದು ಪರಿಹಾರವಲ್ಲ, ಒಂದು ಸ್ಲೈಡನ್ನು ಹಿಂಬದಿಗೆ ಸರಿಸಿ.

ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್‌ನಲ್ಲಿ ಹೇಗೆ ಸಂಭಾಳಿಸುವುದು?

ತಯಾರಿಯ ಕೋಣೆಯಲ್ಲಿ ಯಾವ ಭಾಷೆಯಲ್ಲಿ ಜಗಳವಾಡಿದರೂ ಯಾರೂ ಕೇಳುವುದಿಲ್ಲ. ಕನ್ನಡದಲ್ಲೇ ಯೋಚಿಸಿ, ಕನ್ನಡದಲ್ಲೇ ತೀರ್ಮಾನಿಸಿ. ಶೀರ್ಷಿಕೆ ವಾಕ್ಯಗಳನ್ನು ಬರೆಯುವಾಗ ಇಂಗ್ಲಿಷ್‌ಗೆ ತನ್ನಿ, ವಾಕ್ಯ ಚಿಕ್ಕದಿರಲಿ. ಶೀರ್ಷಿಕೆಯೇ ಪೂರ್ತಿ ವಾಕ್ಯವಾಗಿದ್ದರೆ ಮಾತು ತಡೆದಾಗ ಅದನ್ನೇ ಓದಿ ಮುಂದೆ ಹೋಗಬಹುದು. ಕಂಠಪಾಠ ಬೇಡ. ಒಂದು ಪದ ಮರೆತರೆ ಇಡೀ ಸಾಲು ಕೈಕೊಡುತ್ತದೆ.

ಪ್ರಶ್ನೋತ್ತರಕ್ಕೆ ಹೇಗೆ ಸಿದ್ಧರಾಗುವುದು?

ಕೊನೆಯ ಸ್ಲೈಡ್‌ನ ನಂತರ ನಾಲ್ಕೈದು ಹೆಚ್ಚುವರಿ ಸ್ಲೈಡ್ ಇಡಿ: ಒಂದು ಕೆಫೆಯ ಲೆಕ್ಕ, ಊಹೆಗಳ ಪಟ್ಟಿ, ಉದ್ರಿಯ ಲೆಕ್ಕ, ಆನ್‌ಲೈನ್ ಯಾಕೆ ಬೇಡ ಎಂಬುದು. ಪ್ರತಿಯೊಂದರ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ನಡೆಯುತ್ತಿರುವಾಗ ಆ ಸಂಖ್ಯೆ ಒತ್ತಿ Enter ಒತ್ತಿದರೆ ನೇರವಾಗಿ ಅಲ್ಲಿಗೆ ಹೋಗುತ್ತದೆ. ಎಲ್ಲರ ಮುಂದೆ ಹದಿನೈದು ಸ್ಲೈಡ್ ಹಿಂದೆ ಮುಂದೆ ಓಡಿಸುವ ಪಾಡು ತಪ್ಪುತ್ತದೆ.

ಕೇಳಿದ ಪ್ರಶ್ನೆಗೆ ಮೊದಲ ವಾಕ್ಯದಲ್ಲಿ ಉತ್ತರ, ಎರಡನೆಯದರಲ್ಲಿ ಅಂಕಿ, ಮೂರನೆಯದರಲ್ಲಿ ಮಿತಿ, ಆಮೇಲೆ ನಿಲ್ಲಿಸಿ. "ಎರಡು ವರ್ಷದಲ್ಲಿ 300 ಹೋಟೆಲ್ ಹಿಡಿಯುವವರು ಯಾರು?" ಎಂದರೆ: "ನಾಲ್ವರು ಸೇಲ್ಸ್‌ನವರು, ಸರ್. ತಿಂಗಳಿಗೆ ತಲಾ ಮೂರು ಹೋಟೆಲ್ ಎಂದರೆ 24 ತಿಂಗಳಲ್ಲಿ 288, ಹೆಚ್ಚುಕಡಿಮೆ 300. 300ರಲ್ಲಿ ಅರ್ಧ ಮಾತ್ರ ಸಿಕ್ಕರೂ ಹೆಚ್ಚುವರಿ ಲಾಭ 97 ಲಕ್ಷಕ್ಕೆ ಕೆಳಗೆ ಬರುವುದಿಲ್ಲ." ಒಬ್ಬರು ಉತ್ತರಿಸಿದ ಮೇಲೆ ಇನ್ನೊಬ್ಬರು "ಅದಕ್ಕೆ ಸೇರಿಸುವುದಾದರೆ" ಎಂದು ಶುರುಮಾಡುವ ಅಭ್ಯಾಸ ಬಿಡಿ. ಮೊದಲ ಉತ್ತರ ಸಾಲದು ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ.

ನಿಜವಾಗಿಯೂ ತಪ್ಪು ಹಿಡಿದರೆ ಒಪ್ಪಿಕೊಳ್ಳಿ, ಅದರಿಂದ ಶಿಫಾರಸು ಬದಲಾಗುತ್ತದೆಯೋ ಇಲ್ಲವೋ ಅಲ್ಲೇ ಹೇಳಿ. ಸಮರ್ಥಿಸಿಕೊಳ್ಳಲು ಹೊಸ ಅಂಕಿ ಸೃಷ್ಟಿಸಿದರೆ ಹಿಂದಿನ ಅಂಕಿಗಳ ಮೇಲೂ ನಂಬಿಕೆ ಹೋಗುತ್ತದೆ.

20 ನಿಮಿಷ ಉಳಿದಿದೆ, ಅರ್ಧ ಸ್ಲೈಡ್ ಖಾಲಿ ಇವೆ. ಏನು ಮಾಡುವುದು?

ಖಾಲಿ ಸ್ಲೈಡ್‌ಗಳನ್ನು ಅಳಿಸಿ. ಉಳಿಸಬೇಕಾದವು ಐದು: ಶಿಫಾರಸು, ಸಮಸ್ಯೆಯ ಕಾರಣ, ಪರ್ಯಾಯಗಳ ಅಂಕಿ ಹೋಲಿಕೆ, ತಿಂಗಳುವಾರು ಯೋಜನೆ, ಹಣ ಮತ್ತು ಅಪಾಯ. ಇಬ್ಬರು ಇವನ್ನು ಮುಗಿಸಲಿ, ಮೂರನೆಯವರು ಎಲ್ಲ ಸ್ಲೈಡ್‌ನಲ್ಲೂ ಒಂದೇ ಅಂಕಿ ಒಂದೇ ರೀತಿ ಇದೆಯೇ ನೋಡಲಿ. ಮೊದಲ ಸ್ಲೈಡ್‌ನಲ್ಲಿ 4.15 ಕೋಟಿ, ಏಳನೆಯದರಲ್ಲಿ 4.29 ಕೋಟಿ ಇರುವುದು ಈ ಹೊತ್ತಿನಲ್ಲೇ ಆಗುವ ಅನಾಹುತ: ಯಾರೋ ಸೇಲ್ಸ್‌ನವರ 14 ಲಕ್ಷ ಸಂಬಳ ಕಳೆದಿರುತ್ತಾರೆ, ಇನ್ನೊಬ್ಬರು ಹಳೆಯ ಅಂಕಿಯನ್ನೇ ಹಾಕಿರುತ್ತಾರೆ. ನಾಲ್ಕನೆಯವರು ಬಾಯಲ್ಲೇ ಹೇಳಬೇಕಾದ ವಿವರಗಳನ್ನು ಚೀಟಿಗೆ ಇಳಿಸಲಿ. ಕೊನೆಯ ಐದು ನಿಮಿಷಕ್ಕೆ ಯಾರೂ ಕೈ ಹಾಕಬಾರದು. ಫೈಲ್ ಉಳಿಸಿ, ಒಂದು ಪಿಡಿಎಫ್ ಪ್ರತಿಯನ್ನೂ ತೆಗೆದಿಡಿ, ಬೇರೆ ಕಂಪ್ಯೂಟರ್‌ನಲ್ಲಿ ಅಕ್ಷರ ಕೆಟ್ಟರೆ ಅದು ಕೈಹಿಡಿಯುತ್ತದೆ.

ಅಭ್ಯಾಸ ಹೇಗೆ ಮಾಡಬೇಕು?

ಪ್ರತಿ ಸಲವೂ ಪೂರ್ತಿ ಮೂರು ಗಂಟೆ ಬೇಕಿಲ್ಲ. ವಾರಕ್ಕೆ ಎರಡು ಬಾರಿ 75 ನಿಮಿಷದ ಅಭ್ಯಾಸ ಮಾಡಿ: ಹೊಸ ಕೇಸ್, ಓದು, ಒಂದು ಘಟಕದ ಲೆಕ್ಕ, ಎಂಟು ಚೌಕದ ಹಾಳೆ, ಅಲ್ಲಿಗೆ ನಿಲ್ಲಿಸಿ. ಸ್ಲೈಡ್ ಮಾಡುವುದೇ ಬೇಡ. ಆ ಹಾಳೆಯನ್ನು ಕೇಸ್ ಓದದ ಸ್ನೇಹಿತರೊಬ್ಬರಿಗೆ ಓದಿ ಹೇಳಿ, ಅವರು ಕೇಳಿದ ಮೊದಲ ಮೂರು ಪ್ರಶ್ನೆಗಳನ್ನು ಬರೆದುಕೊಳ್ಳಿ. ಪೂರ್ತಿ ಅವಧಿಯ ಅಭ್ಯಾಸ ಸ್ಪರ್ಧೆಗೆ ಮೊದಲು ಮೂರು ಬಾರಿ ಆದರೆ ಸಾಕು, ಅದರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಆಫ್ ಮಾಡಿ, ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ಮಾಡಿ.